ಐದು ಲಕ್ಷದ ಷೇರುಗಳಲ್ಲಿ ಹತ್ತು ದಿನಕ್ಕೆ ಎಷ್ಟು ಕರಗಬಹುದು? ಪ್ಯಾರಾಮೆಟ್ರಿಕ್ ವ್ಯಾಲ್ಯೂ ಅಟ್ ರಿಸ್ಕ್ ಲೆಕ್ಕ, ಹಂತ ಹಂತವಾಗಿ

ಡಿಮ್ಯಾಟ್ ಖಾತೆಯಲ್ಲಿ ಮೂರು ಕಂಪನಿಗಳ ಷೇರು ಇದೆ, ಒಟ್ಟು ಬೆಲೆ ಐದು ಲಕ್ಷ ರೂಪಾಯಿ. ಮುಂದಿನ ಎರಡು ವಾರದಲ್ಲಿ ಮಾರುಕಟ್ಟೆ ಕೈಕೊಟ್ಟರೆ ಎಷ್ಟು ಹೋಗಬಹುದು? ಸುಮ್ನೆ ಅಂದಾಜಿನಲ್ಲಿ ಹೇಳುವ ಬದಲು ಇದಕ್ಕೆ ಒಂದು ಲೆಕ್ಕ ಹಾಕಬಹುದು. ವ್ಯಾಲ್ಯೂ ಅಟ್ ರಿಸ್ಕ್ ಅನ್ನುವ ಅಳತೆ ಇರುವುದೇ ಇದಕ್ಕೆ. ಮುಂದೆ ಇದನ್ನು ವಿಎಆರ್ ಅಂತ ಬರೆಯುತ್ತೇನೆ.

ಈ ಲೆಕ್ಕವನ್ನು ಮೂರು ದಾರಿಯಲ್ಲಿ ಮಾಡುತ್ತಾರೆ. ಹಳೆಯ ಬೆಲೆಗಳನ್ನೇ ನೇರವಾಗಿ ಸಾಲಾಗಿ ಜೋಡಿಸಿ ನೋಡುವುದು ಒಂದು. ಕಂಪ್ಯೂಟರಿನಲ್ಲಿ ಸಾವಿರಾರು ಕಾಲ್ಪನಿಕ ದಿನಗಳನ್ನು ಓಡಿಸುವುದು ಇನ್ನೊಂದು. ಮೂರನೆಯದು ಪ್ಯಾರಾಮೆಟ್ರಿಕ್ ದಾರಿ. ಇಲ್ಲಿ ಷೇರಿನ ದಿನದ ಏರಿಳಿತ ಗಂಟೆಯಾಕಾರದ ನಾರ್ಮಲ್ ವಕ್ರರೇಖೆಯನ್ನು ಅನುಸರಿಸುತ್ತದೆ ಅಂತ ಒಪ್ಪಿಕೊಂಡು, ಕೆಲವೇ ಅಂಕಿಗಳಿಂದ ಉತ್ತರ ತೆಗೆಯುತ್ತೇವೆ. ಒಂದು ಸ್ಪ್ರೆಡ್‌ಶೀಟ್ ಸಾಕು. ಮೂರು ಷೇರಾದರೆ ಕ್ಯಾಲ್ಕುಲೇಟರಿನಲ್ಲೂ ಆಗುತ್ತದೆ.

ಜೆ.ಪಿ. ಮಾರ್ಗನ್ ಬ್ಯಾಂಕು 1994ರಲ್ಲಿ ರಿಸ್ಕ್‌ಮೆಟ್ರಿಕ್ಸ್ ಹೆಸರಿನಲ್ಲಿ ತನ್ನ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಶೇ 95ರ ಮಟ್ಟ, ಅಂದರೆ ನೂರರಲ್ಲಿ 95 ಸಲ ನಷ್ಟ ದಾಟದ ಗೆರೆ, ಅಲ್ಲಿ ಬಳಕೆಯಲ್ಲಿತ್ತು. ಹತ್ತು ದಿನದ ಅವಧಿ ಬ್ಯಾಂಕುಗಳ ಬಂಡವಾಳದ ಬಗೆಗಿನ 1996ರ ಅಂತರರಾಷ್ಟ್ರೀಯ ಬಾಸೆಲ್ ನಿಯಮದಿಂದ ಜನಪ್ರಿಯವಾಯಿತು, ಆದರೆ ಬ್ಯಾಂಕುಗಳಿಗೆ ಅಲ್ಲಿ ಕೇಳಿದ್ದು ಶೇ 99. ನಮಗೆ ಇಲ್ಲಿ ಬೇಕಾಗಿರುವುದು ಹತ್ತು ದಿನ, ಶೇ 95. ಸಣ್ಣ ಹೂಡಿಕೆದಾರರಿಗೆ ಇದೇ ಜಾಸ್ತಿ ಉಪಯುಕ್ತ ಅಂತ ನನ್ನ ಅಭಿಪ್ರಾಯ. ಕಾರಣ ಮುಂದೆ ಬರುತ್ತದೆ.

ಉತ್ತರ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಲೆಕ್ಕ ಶುರು ಮಾಡುವ ಮೊದಲೇ ಇದನ್ನು ಸರಿಯಾಗಿ ಹಿಡಿದುಕೊಳ್ಳಬೇಕು. ಉತ್ತರ ₹26,400 ಅಂತ ಬಂತು ಅಂದುಕೊಳ್ಳಿ. ಇದರ ಅರ್ಥ: ಇಂಥ ಹತ್ತು ದಿನದ ಅವಧಿಗಳು ಇಪ್ಪತ್ತು ಬಂದರೆ, ಸುಮಾರು ಹತ್ತೊಂಬತ್ತರಲ್ಲಿ ನಷ್ಟ ₹26,400 ದಾಟುವುದಿಲ್ಲ. ಉಳಿದ ಒಂದರಲ್ಲಿ ದಾಟುತ್ತದೆ. ಎಷ್ಟು ದಾಟುತ್ತದೆ ಅನ್ನುವುದನ್ನು ಈ ಅಂಕಿ ಹೇಳುವುದೇ ಇಲ್ಲ.

ಹಾಗಾಗಿ "ನನಗೆ ಹೆಚ್ಚೆಂದರೆ ₹26,400 ಹೋಗುತ್ತದೆ" ಅಂತ ಓದಿದರೆ ಪೂರ್ತಿ ತಪ್ಪು. ಮಾಮೂಲಿ ನಷ್ಟ ಮುಗಿದು ದೊಡ್ಡ ನಷ್ಟ ಶುರುವಾಗುವ ಗೆರೆ ಇದು. ವರ್ಷದಲ್ಲಿ ಹತ್ತು ದಿನದ ತುಂಡುಗಳು ಸುಮಾರು ಇಪ್ಪತ್ತೈದು ಬರುತ್ತವೆ. ಅಂದರೆ ಮಾರುಕಟ್ಟೆ ಸಹಜವಾಗಿಯೇ ಇದ್ದರೂ ವರ್ಷಕ್ಕೆ ಒಂದು ಸಲ ಈ ಗೆರೆ ದಾಟುವುದು ನಿರೀಕ್ಷಿತವೇ.

ಇನ್ನೊಂದು ಮಾತು: ಹತ್ತು ದಿನ ಅಂದರೆ ಹತ್ತು ವಹಿವಾಟಿನ ದಿನ. ಕ್ಯಾಲೆಂಡರಿನಲ್ಲಿ ಎರಡು ವಾರ, ನಡುವೆ ಹಬ್ಬದ ರಜೆ ಬಂದರೆ ಇನ್ನೂ ಒಂದೆರಡು ದಿನ ಹೆಚ್ಚು.

ಹಂತ 1: ಬೆಲೆಗಳನ್ನು ತೆಗೆದುಕೊಂಡು ಶುಚಿ ಮಾಡಿ

ಉದಾಹರಣೆಗೆ ಮೂರು ಷೇರು ಹಿಡಿಯೋಣ. ಇನ್ಫೋಸಿಸ್ ₹2,00,000, ಎಚ್‌ಡಿಎಫ್‌ಸಿ ಬ್ಯಾಂಕ್ ₹1,80,000, ಐಟಿಸಿ ₹1,20,000. ಇಲ್ಲಿ ಕೊಳ್ಳುವಾಗ ಕೊಟ್ಟ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಇವತ್ತಿನ ಮಾರುಕಟ್ಟೆ ಬೆಲೆಯನ್ನೇ ಹಾಕಬೇಕು, ಯಾಕೆಂದರೆ ನಾಳೆ ಏರಿಳಿಯುವುದು ಅದೇ.

ಪ್ರತಿ ಷೇರಿನ ಕಳೆದ 251 ದಿನದ ಮುಕ್ತಾಯದ ಬೆಲೆ ಬೇಕು. 251 ಬೆಲೆಯಿಂದ 250 ದಿನದ ಬದಲಾವಣೆ ಸಿಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಇದು ಒಂದೇ ಸಾಲಿನ ಕೆಲಸ:

```
=GOOGLEFINANCE("NSE:INFY","close",TODAY()-380,TODAY(),"DAILY")
```

`NSE:HDFCBANK` ಮತ್ತು `NSE:ITC`ಗೂ ಹೀಗೇ ಮಾಡಿ. ಆಮೇಲೆ A ಕಾಲಮ್ಮಿನಲ್ಲಿ ದಿನಾಂಕ, B, C, D ಕಾಲಮ್ಮುಗಳಲ್ಲಿ ಮೂರು ಷೇರುಗಳ ಬೆಲೆ ಬರುವಂತೆ, ಹಳೆಯ ಹೆಚ್ಚುವರಿ ದಿನಗಳನ್ನು ಬಿಟ್ಟು ಕೊನೆಯ 251 ದಿನದ ಮೊದಲ ಬೆಲೆ ಎರಡನೇ ಸಾಲಿನಲ್ಲಿ ಇರುವಂತೆ ಜೋಡಿಸಿ.

ಈ ಹಂತ ಬೇಸರದ್ದು, ಆದರೆ ಲೆಕ್ಕ ಕೆಡುವುದು ಹೆಚ್ಚಾಗಿ ಇಲ್ಲೇ. ಎರಡು ತೊಂದರೆಗಳನ್ನು ಹುಡುಕಿಕೊಂಡೇ ಹೋಗಬೇಕು.

ಮೊದಲನೆಯದು ಬೋನಸ್ ಮತ್ತು ಷೇರು ವಿಭಜನೆ. ಇನ್ಫೋಸಿಸ್ 2018ರ ಸೆಪ್ಟೆಂಬರಿನಲ್ಲಿ ಒಂದಕ್ಕೆ ಒಂದು ಬೋನಸ್ ಕೊಟ್ಟಿತು. ಆ ದಿನ ಬೆಲೆ ಅರ್ಧಕ್ಕೆ ಇಳಿಯಿತು, ಷೇರಿನ ಸಂಖ್ಯೆ ಎರಡರಷ್ಟಾಯಿತು, ಯಾರಿಗೂ ನಷ್ಟ ಆಗಲಿಲ್ಲ. ಆದರೆ ಹೊಂದಿಸದ ಬೆಲೆಪಟ್ಟಿಯನ್ನು ನೀವು ಹಾಗೇ ಹಾಕಿದರೆ ಸ್ಪ್ರೆಡ್‌ಶೀಟ್ ಅದನ್ನು ಒಂದೇ ದಿನದ ಶೇ 50 ಕುಸಿತ ಅಂತ ಓದುತ್ತದೆ. 250 ದಿನದಲ್ಲಿ ಇಂಥ ಒಂದೇ ಒಂದು ಸುಳ್ಳು ದಿನ ಸೇರಿದರೂ ಶೇ 1.5 ಇರಬೇಕಾದ ದಿನದ ಏರಿಳಿತ ಶೇ 3.5 ಆಗಿಬಿಡುತ್ತದೆ. ಪತ್ತೆ ಮಾಡುವುದು ಸುಲಭ: ಪ್ರತಿ ಕಾಲಮ್ಮಿನ ಅತಿ ದೊಡ್ಡ ಏರಿಕೆ, ಅತಿ ದೊಡ್ಡ ಇಳಿಕೆ ತೆಗೆದು ನೋಡಿ. ಶೇ 10 ದಾಟಿದ್ದರೆ ಆ ದಿನ ಏನಾಯಿತು ಅಂತ ಹುಡುಕಿ. ನಿಜವಾದ ಕುಸಿತವಾದರೆ ಹಾಗೇ ಬಿಡಿ, ಅಂಕಿ ಚೆನ್ನಾಗಿ ಕಾಣಲಿ ಅಂತ ತೆಗೆಯಬೇಡಿ. ಬೋನಸ್ ಆಗಿದ್ದರೆ ಹಿಂದಿನ ಬೆಲೆಗಳನ್ನೆಲ್ಲ ಅದೇ ಪ್ರಮಾಣದಲ್ಲಿ ಭಾಗಿಸಿ. ಕಂಪನಿಯ ಒಂದು ಭಾಗ ಬೇರೆಯಾದಾಗಲೂ ಹೀಗೇ ಆಗುತ್ತದೆ. ಐಟಿಸಿ ತನ್ನ ಹೋಟೆಲ್ ವ್ಯವಹಾರವನ್ನು 2025ರ ಜನವರಿಯಲ್ಲಿ ಬೇರೆ ಮಾಡಿದಾಗ ಐಟಿಸಿ ಬೆಲೆ ಅದಕ್ಕೆ ತಕ್ಕಂತೆ ಇಳಿಯಿತು. ಅದು ನಷ್ಟ ಅಲ್ಲ.

ಎರಡನೆಯದು ದಿನಾಂಕ ಜಾರುವುದು. ಒಂದು ಷೇರಿನ ಪಟ್ಟಿಯಲ್ಲಿ ಒಂದು ದಿನ ಬಿಟ್ಟುಹೋಗಿದ್ದರೆ, ಅಲ್ಲಿಂದ ಕೆಳಗೆ ಎಲ್ಲ ಸಾಲುಗಳೂ ಒಂದೊಂದು ದಿನ ಜಾರಿರುತ್ತವೆ. ಸೋಮವಾರದ ಇನ್ಫೋಸಿಸ್ ಪಕ್ಕದಲ್ಲಿ ಮಂಗಳವಾರದ ಐಟಿಸಿ ಕೂತಿರುತ್ತದೆ. ಏರಿಳಿತದ ಅಂಕಿಗೆ ಇದರಿಂದ ಏನೂ ಆಗುವುದಿಲ್ಲ, ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ಕೆಡುವುದು ಮೂರನೇ ಹಂತದ ಕೋರಿಲೇಷನ್, ಅಂದರೆ ಎರಡು ಷೇರು ಎಷ್ಟು ಜೊತೆಯಾಗಿ ಓಡುತ್ತವೆ ಅನ್ನುವ ಅಳತೆ. ಭಾರತದ ಎರಡು ದೊಡ್ಡ ಕಂಪನಿಗಳ ನಡುವೆ ಕೋರಿಲೇಷನ್ ಸೊನ್ನೆಯ ಹತ್ತಿರ ಬಂದರೆ ಮೊದಲು ದಿನಾಂಕಗಳನ್ನು ಅನುಮಾನಿಸಿ.

ಹಂತ 2: ಪ್ರತಿ ಷೇರಿನ ದಿನದ ಏರಿಳಿತ

E, F, G ಕಾಲಮ್ಮುಗಳಲ್ಲಿ ದಿನದ ಬದಲಾವಣೆ ತೆಗೆಯಿರಿ. ಆಮೇಲೆ ಪ್ರತಿ ಕಾಲಮ್ಮಿಗೂ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಬದಲಾವಣೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ. ದಿನದ ಏರಿಳಿತ ಅಂತ ನಾನು ಕರೆಯುವುದು ಇದನ್ನೇ:

```
E3:  =B3/B2-1
     =STDEV.S(E3:E252)
```

ಕೆಲವರು ಇಲ್ಲಿ ಲಾಗ್ ಬದಲಾವಣೆ ಬಳಸುತ್ತಾರೆ. ದಿನಗಳನ್ನು ಕೂಡಿಸುವಾಗ ಲಾಗ್ ಸರಿಹೊಂದುತ್ತದೆ, ಷೇರುಗಳನ್ನು ಕೂಡಿಸುವಾಗ ಸರಳ ಬದಲಾವಣೆ ಸರಿಹೊಂದುತ್ತದೆ. ದಿನಕ್ಕೆ ಶೇ 1ರ ಆಸುಪಾಸಿನ ಏರಿಳಿತಕ್ಕೆ ಎರಡರ ನಡುವೆ ವ್ಯತ್ಯಾಸ ನಗಣ್ಯ. ನಾವು ಷೇರುಗಳನ್ನು ಕೂಡಿಸುವವರಾದ್ದರಿಂದ ಸರಳವನ್ನೇ ಇಟ್ಟುಕೊಳ್ಳೋಣ.

ನಮ್ಮ ಉದಾಹರಣೆಗೆ ದಿನದ ಏರಿಳಿತ ಇನ್ಫೋಸಿಸ್ ಶೇ 1.6, ಎಚ್‌ಡಿಎಫ್‌ಸಿ ಬ್ಯಾಂಕ್ ಶೇ 1.3, ಐಟಿಸಿ ಶೇ 1.2 ಅಂತ ಹಿಡಿಯೋಣ. ಇವು ಲೆಕ್ಕ ತೋರಿಸಲು ಆರಿಸಿದ ಅಂಕಿಗಳು. ನಿಮ್ಮ ಹಾಳೆಯಲ್ಲಿ ಬಂದದ್ದನ್ನು ನೀವು ಹಾಕಿ.

ಈಗ ಶೇಕಡಾವನ್ನು ರೂಪಾಯಿಗೆ ತನ್ನಿ. ಇಲ್ಲಿಂದ ಮುಂದೆ ರೂಪಾಯಿಯಲ್ಲೇ ಹೋದರೆ ತಲೆನೋವು ಕಡಿಮೆ.

ಇನ್ಫೋಸಿಸ್: 2,00,000 × 0.016 = ₹3,200
ಎಚ್‌ಡಿಎಫ್‌ಸಿ ಬ್ಯಾಂಕ್: 1,80,000 × 0.013 = ₹2,340
ಐಟಿಸಿ: 1,20,000 × 0.012 = ₹1,440

ಮಾಮೂಲಿ ದಿನವೊಂದರಲ್ಲಿ ಆಯಾ ಷೇರು ನಿಮ್ಮ ಖಾತೆಯನ್ನು ಸುಮಾರು ಇಷ್ಟು ಅಲ್ಲಾಡಿಸುತ್ತದೆ.

ಸರಾಸರಿ ಲಾಭವನ್ನು ಯಾಕೆ ಸೇರಿಸಲಿಲ್ಲ ಅಂತ ನೀವು ಕೇಳಬಹುದು. ಷೇರು ವರ್ಷಕ್ಕೆ ಶೇ 12 ಬೆಳೆಯುತ್ತದೆ ಅಂತ ನಂಬಿದರೆ ಹತ್ತು ದಿನಕ್ಕೆ ಸುಮಾರು ಶೇ 0.48, ಅಂದರೆ ಐದು ಲಕ್ಷಕ್ಕೆ ₹2,400ರ ಹತ್ತಿರ. ಅದನ್ನು ಕಳೆದರೆ ವಿಎಆರ್ ಅಷ್ಟು ಕಡಿಮೆ ಕಾಣುತ್ತದೆ. ಆದರೆ ಒಂದು ವರ್ಷದ ಬೆಲೆಯಿಂದ ಸರಾಸರಿಯನ್ನು ನಂಬುವ ಹಾಗೆ ಅಳೆಯಲು ಆಗುವುದಿಲ್ಲ. ಕಳೆದ ವರ್ಷ ಏರಿದ ಷೇರು ಮುಂದಿನ ಎರಡು ವಾರವೂ ಏರುತ್ತದೆ ಅಂತ ಹೇಳಿದ ಹಾಗಾಗುತ್ತದೆ. ಸರಾಸರಿಯನ್ನು ಸೊನ್ನೆ ಅಂತ ಹಿಡಿಯುವುದೇ ರೂಢಿ, ಅದೇ ಸುರಕ್ಷಿತ ಕೂಡ.

ಹಂತ 3: ಷೇರುಗಳು ಎಷ್ಟು ಜೊತೆಯಾಗಿ ಓಡುತ್ತವೆ

ಮೂರು ಷೇರೂ ಒಂದೇ ದಿನ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಎಷ್ಟು ಜೊತೆಯಾಗಿ ಹೋಗುತ್ತವೆ ಅನ್ನುವುದನ್ನು ಕೋರಿಲೇಷನ್ ಹೇಳುತ್ತದೆ. ಯಾವಾಗಲೂ ಒಟ್ಟಿಗೆ ಹೋದರೆ 1, ಸಂಬಂಧವೇ ಇಲ್ಲದಿದ್ದರೆ 0.

```
=CORREL(E3:E252,F3:F252)
=CORREL(E3:E252,G3:G252)
=CORREL(F3:F252,G3:G252)
```

ಉದಾಹರಣೆಗೆ ಇನ್ಫೋಸಿಸ್ ಮತ್ತು ಎಚ್‌ಡಿಎಫ್‌ಸಿ ಬ್ಯಾಂಕ್ ನಡುವೆ 0.30, ಇನ್ಫೋಸಿಸ್ ಮತ್ತು ಐಟಿಸಿ ನಡುವೆ 0.20, ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಐಟಿಸಿ ನಡುವೆ 0.25 ಅಂತ ಇಟ್ಟುಕೊಳ್ಳೋಣ.

ಹಂತ 4: ಮೂರನ್ನೂ ಸೇರಿಸಿ

₹3,200, ₹2,340, ₹1,440 ಈ ಮೂರನ್ನು ನೇರವಾಗಿ ಕೂಡಿದರೆ ₹6,980 ಬರುತ್ತದೆ. ಅದು ಮೂರೂ ಒಟ್ಟಿಗೇ ಬೀಳುತ್ತವೆ ಅಂದ ಹಾಗೆ. ಸರಿಯಾದ ದಾರಿ: ಪ್ರತಿಯೊಂದರ ವರ್ಗ ತೆಗೆದು ಕೂಡಿ. ಅದಕ್ಕೆ ಪ್ರತಿ ಜೋಡಿಗೂ "2 × ಕೋರಿಲೇಷನ್ × ಮೊದಲನೆಯದು × ಎರಡನೆಯದು" ಸೇರಿಸಿ. ಕೊನೆಗೆ ವರ್ಗಮೂಲ.

```
3200² + 2340² + 1440²      = 17789200
2 × 0.30 × 3200 × 2340     =  4492800
2 × 0.20 × 3200 × 1440     =  1843200
2 × 0.25 × 2340 × 1440     =  1684800
ಒಟ್ಟು                        = 25810000
√25810000                  ≈ 5080
```

ಪೋರ್ಟ್‌ಫೋಲಿಯೋದ ದಿನದ ಏರಿಳಿತ ₹5,080. ಐದು ಲಕ್ಷದ ಶೇ 1.02. ಮೂರರಲ್ಲಿ ಅತಿ ಶಾಂತವಾದ ಐಟಿಸಿಯೇ ಶೇ 1.2 ಇತ್ತು, ಮೂರೂ ಸೇರಿದ್ದು ಅದಕ್ಕಿಂತ ಶಾಂತ. ಕೋರಿಲೇಷನ್ ಕಡಿಮೆ ಇದ್ದದ್ದರ ಫಲ ಇದು.

ಹಂತ 5: 1.645 ಮತ್ತು ಹತ್ತರ ವರ್ಗಮೂಲ

ನಾರ್ಮಲ್ ವಕ್ರರೇಖೆಯಲ್ಲಿ ಕೆಳಗಿನ ಶೇ 5 ಭಾಗ ಶುರುವಾಗುವುದು ಸರಾಸರಿಯಿಂದ 1.645 ಸ್ಟ್ಯಾಂಡರ್ಡ್ ಡೀವಿಯೇಷನ್ ಕೆಳಗೆ. ಶೇ 95 ಅಂದಕೂಡಲೇ ಕಾಲೇಜಿನ ನೆನಪಿನಿಂದ 1.96 ಬರೆಯುವವರು ತುಂಬಾ ಜನ. ಅದು ಎರಡೂ ಬದಿಗೆ ಶೇ 2.5 ಬಿಡುವ ಅಂಕಿ. ನಮಗೆ ನಷ್ಟದ ಬದಿ ಮಾತ್ರ ಬೇಕು, ಲಾಭ ಜಾಸ್ತಿಯಾದರೆ ಯಾರೂ ಚಿಂತಿಸುವುದಿಲ್ಲ ಅಲ್ವಾ. 1.96 ಹಾಕಿದರೆ ಸಿಗುವುದು ಶೇ 97.5ರ ವಿಎಆರ್.

ಒಂದು ದಿನದ ವಿಎಆರ್: 1.645 × 5,080 = ಸುಮಾರು ₹8,357.

ಹತ್ತು ದಿನಕ್ಕೆ ಇದನ್ನು ಹತ್ತರಿಂದ ಗುಣಿಸಬಾರದು. ಹತ್ತೂ ದಿನ ಸತತವಾಗಿ ಕೆಟ್ಟದಾಗಿರುವುದು ಅಪರೂಪ, ಒಂದು ದಿನ ಇಳಿದದ್ದನ್ನು ಇನ್ನೊಂದು ದಿನ ಸ್ವಲ್ಪ ತುಂಬಿಕೊಡುತ್ತದೆ. ದಿನಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆದರೆ ಕೂಡಿಕೊಳ್ಳುವುದು ಏರಿಳಿತದ ವರ್ಗ. ಹಾಗಾಗಿ ಗುಣಕ √10, ಅಂದರೆ 3.162.

8,357 × 3.162 = ಸುಮಾರು ₹26,430. ಐದು ಲಕ್ಷದ ಶೇ 5.3.

ಇನ್ನೊಂದು ದಾರಿಯಿಂದ ತಾಳೆ ನೋಡಿ

ಮೂರು ಷೇರಿದ್ದಾಗ ಜೋಡಿಗಳು ಮೂರು. ಹತ್ತು ಷೇರಾದರೆ ಜೋಡಿಗಳು 45, ಕೈಲೆಕ್ಕದಲ್ಲಿ ತಪ್ಪುವುದು ಖಂಡಿತ. ಅದಕ್ಕೊಂದು ಚಿಕ್ಕ ದಾರಿ ಇದೆ. K2, L2, M2 ಕೋಶಗಳಲ್ಲಿ ಇವತ್ತಿನ ರೂಪಾಯಿ ಮೊತ್ತ ಹಾಕಿ. H ಕಾಲಮ್ಮಿನಲ್ಲಿ, ಇವತ್ತಿನ ಇದೇ ಷೇರುಗಳನ್ನು ಆ ದಿನ ಇಟ್ಟುಕೊಂಡಿದ್ದರೆ ಎಷ್ಟು ರೂಪಾಯಿ ಬಂದಿರುತ್ತಿತ್ತು, ಎಷ್ಟು ಹೋಗಿರುತ್ತಿತ್ತು ಅಂತ ತೆಗೆಯಿರಿ:

```
H3:  =SUMPRODUCT(E3:G3,$K$2:$M$2)
     =NORM.S.INV(0.95)*STDEV.S(H3:H252)*SQRT(10)
```

ಕೋರಿಲೇಷನ್‌ಗಳೆಲ್ಲ ಈ ಒಂದು ಕಾಲಮ್ಮಿನೊಳಗೇ ಅಡಗಿರುತ್ತವೆ. ಎರಡೂ ದಾರಿಯ ಉತ್ತರ ಪೈಸೆಯ ಮಟ್ಟಕ್ಕೆ ಒಂದೇ ಬರಬೇಕು, ದುಂಡು ಮಾಡಿದ್ದರಿಂದ ಬರುವ ಚೂರುಪಾರು ಬಿಟ್ಟು. ಬರದಿದ್ದರೆ ಯಾವುದೋ ಜೋಡಿ ಬಿಟ್ಟುಹೋಗಿದೆ ಅಥವಾ ಸಾಲುಗಳ ವ್ಯಾಪ್ತಿ ತಪ್ಪಿದೆ. ಹಾಗಿದ್ದರೆ ಉದ್ದ ದಾರಿ ಯಾಕೆ ಬೇಕು? ಮುಂದಿನ ಪ್ರಶ್ನೆಗೆ ಉತ್ತರ ಆ ದಾರಿಯಲ್ಲೇ ಸುಲಭವಾಗಿ ಸಿಗುತ್ತದೆ.

ಅಪಾಯ ಯಾವ ಷೇರಿನಲ್ಲಿ ಕೂತಿದೆ

₹26,430 ಎಲ್ಲಿಂದ ಬಂತು? ಪ್ರತಿ ಷೇರಿಗೂ ಅದರ ವರ್ಗವನ್ನೂ, ಅದು ಸೇರಿರುವ ಪ್ರತಿ ಜೋಡಿಯ ಅರ್ಧ ಪಾಲನ್ನೂ ಕೊಡಿ. ಇನ್ಫೋಸಿಸ್‌ಗೆ 1,02,40,000 ಜೊತೆಗೆ 22,46,400 ಮತ್ತು 9,21,600, ಒಟ್ಟು 1,34,08,000. ಇದನ್ನು 2,58,10,000ರಿಂದ ಭಾಗಿಸಿದರೆ ಶೇ 52.

ಹಣದಲ್ಲಿ ಇನ್ಫೋಸಿಸ್ ಪಾಲು ಶೇ 40, ಅಪಾಯದಲ್ಲಿ ಶೇ 52. ಎಚ್‌ಡಿಎಫ್‌ಸಿ ಬ್ಯಾಂಕಿನದು ಹಣದಲ್ಲಿ ಶೇ 36, ಅಪಾಯದಲ್ಲಿ ಶೇ 33. ಐಟಿಸಿ ಹಣದಲ್ಲಿ ಶೇ 24, ಅಪಾಯದಲ್ಲಿ ಶೇ 15 ಮಾತ್ರ. ರೂಪಾಯಿಯಲ್ಲಿ ಹೇಳಿದರೆ ಒಟ್ಟು ವಿಎಆರ್‌ನಲ್ಲಿ ಸುಮಾರು ₹13,700 ಇನ್ಫೋಸಿಸ್‌ನದು. ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ಜಾಸ್ತಿ ಕೆಲಸಕ್ಕೆ ಬರುವ ಅಂಕಿ ಇದೇ. ಒಟ್ಟು ವಿಎಆರ್ ಅಂದಾಜಿನದು, ಸ್ವಲ್ಪ ಆಚೀಚೆ ಆಗಬಹುದು. ಯಾವ ಷೇರು ಹೊರೆ ಹೊತ್ತಿದೆ ಅನ್ನುವ ಚಿತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಲೆಕ್ಕ ಎಲ್ಲಿ ಸಡಿಲ

ಮೊದಲು ಕೋರಿಲೇಷನ್. 0.20, 0.30 ಅನ್ನುವುದು ಶಾಂತ ವರ್ಷದ ಅಂಕಿ. ಮಾರುಕಟ್ಟೆ ಪೂರ್ತಿ ಕುಸಿಯುವಾಗ ಎಲ್ಲ ಷೇರೂ ಒಟ್ಟಿಗೇ ಬೀಳುತ್ತವೆ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ 13 ಬಿತ್ತು. ಅವತ್ತು ಐಟಿ, ಬ್ಯಾಂಕು, ಸಿಗರೇಟು ಅಂತ ಯಾರೂ ಬೇರೆ ಮಾಡಿ ಮಾರಲಿಲ್ಲ. ನಾಲ್ಕನೇ ಹಂತದಲ್ಲಿ ಮೂರೂ ಕೋರಿಲೇಷನ್ ಅನ್ನು 0.8 ಮಾಡಿ ನೋಡಿ: ವಿಎಆರ್ ₹33,900ಕ್ಕೆ ಏರುತ್ತದೆ. ಎಲ್ಲವನ್ನೂ 1 ಮಾಡಿದರೆ ₹36,300. ಏರಿಳಿತವನ್ನು ಮುಟ್ಟದೆ ಕೋರಿಲೇಷನ್ ಒಂದರಿಂದಲೇ ಇಷ್ಟು. ಈ ಮೂರೂ ಅಂಕಿಗಳನ್ನು ಪಕ್ಕಪಕ್ಕ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು √10. ದಿನಗಳ ನಡುವೆ ಸಂಬಂಧ ಇಲ್ಲ ಅನ್ನುವುದು ಚೆನ್ನಾಗಿ ವಹಿವಾಟು ನಡೆಯುವ ದೊಡ್ಡ ಷೇರುಗಳಿಗೆ ಬಹುಮಟ್ಟಿಗೆ ಸರಿ. ಇವತ್ತಿನ ಬದಲಾವಣೆಗೂ ನಿನ್ನೆಯದಕ್ಕೂ 0.1ರಷ್ಟು ಕೋರಿಲೇಷನ್ ಇದ್ದರೂ ಗುಣಕ 3.16ರಿಂದ 3.46ಕ್ಕೆ ಹೋಗುತ್ತದೆ, ವಿಎಆರ್ ₹28,900 ಆಗುತ್ತದೆ. ಪರೀಕ್ಷಿಸಲು H ಕಾಲಮ್ಮನ್ನು ಒಂದು ಸಾಲು ಜಾರಿಸಿ ಅದಕ್ಕೇ ಹೋಲಿಸಿ:

```
=CORREL(H3:H251,H4:H252)
```

250 ದಿನದ ಪಟ್ಟಿಯಲ್ಲಿ 0.12ರವರೆಗೆ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. ಅದನ್ನು ದಾಟಿದರೆ √10 ನಂಬಬೇಡಿ. ಸಣ್ಣ ಕಂಪನಿಗಳ ಷೇರುಗಳಲ್ಲಿ ಇದು ನಿಜವಾದ ತೊಂದರೆ. ಅಲ್ಲಿ ಷೇರು ಲೋವರ್ ಸರ್ಕ್ಯೂಟ್ ಹೊಡೆದರೆ ಆ ದಿನ ಕೊಳ್ಳುವವರೇ ಇರುವುದಿಲ್ಲ, ನಾಳೆ ಮತ್ತೆ ಅಷ್ಟೇ ಬೀಳುತ್ತದೆ. ದಿನಕ್ಕೆ ಶೇ 5 ಮಿತಿಯೊಳಗೆ ಬಿದ್ದಂತೆ ಕಂಡರೂ ನಾಲ್ಕು ದಿನಕ್ಕೆ ಶೇ 18 ಹೋಗಿರುತ್ತದೆ. ಇಂಥ ಷೇರಿಗೆ ಈ ವಿಧಾನವೇ ಹೊಂದುವುದಿಲ್ಲ. ಆಪ್ಷನ್ ಇಟ್ಟುಕೊಂಡಿದ್ದರೂ ಅಷ್ಟೇ.

ಮೂರನೆಯದು ವಕ್ರರೇಖೆಯ ಬಾಲ. ಷೇರುಗಳ ನಿಜವಾದ ಏರಿಳಿತ ನಾರ್ಮಲ್ ಅಲ್ಲ, ಬಾಲ ದಪ್ಪ, ಅಂದರೆ ಭಾರಿ ಕುಸಿತಗಳು ಹೆಚ್ಚು. ಹಾಗಾದರೆ 1.645 ಸುಳ್ಳೇ? ಇಲ್ಲಿ ಸ್ವಾರಸ್ಯವಿದೆ. ಷೇರುಗಳಿಗೆ ಹೆಚ್ಚು ಹೊಂದುವ ಟಿ ವಿತರಣೆಯನ್ನು, ಬಾಲ ಎಷ್ಟು ದಪ್ಪ ಅಂತ ತೀರ್ಮಾನಿಸುವ ಡಿಗ್ರೀಸ್ ಆಫ್ ಫ್ರೀಡಂ ಅನ್ನುವ ಅಂಕಿಯನ್ನು ನಾಲ್ಕು ಇಟ್ಟು, ಅಷ್ಟೇ ಏರಿಳಿತಕ್ಕೆ ಹೊಂದಿಸಿದರೆ ಶೇ 95ರ ಗುಣಕ 1.51 ಬರುತ್ತದೆ. ಅಂದರೆ ನಾರ್ಮಲ್‌ಗಿಂತ ಕಡಿಮೆ! ಶೇ 99ಕ್ಕೆ ಹೋದರೆ ಟಿ ವಿತರಣೆ 2.65 ಅನ್ನುತ್ತದೆ, ನಾರ್ಮಲ್ 2.33 ಅಷ್ಟೇ. ದಪ್ಪ ಬಾಲದ ಪೆಟ್ಟು ಬೀಳುವುದು ಶೇ 95ರ ಗೆರೆಯ ಹತ್ತಿರ ಅಲ್ಲ, ಅದರಾಚೆ. ಆದ್ದರಿಂದಲೇ ಪ್ಯಾರಾಮೆಟ್ರಿಕ್ ದಾರಿಗೆ ಶೇ 95 ಹೊಂದುತ್ತದೆ, ಶೇ 99 ಅಷ್ಟಾಗಿ ಹೊಂದುವುದಿಲ್ಲ.

ಗೆರೆಯಾಚೆ ಏನಿದೆ ಅನ್ನುವುದಕ್ಕೆ ನಮ್ಮ ಮೂರು ಷೇರುಗಳೇ ಸಾಕ್ಷಿ. 2013ರ ಏಪ್ರಿಲ್ 12ರಂದು ಫಲಿತಾಂಶ ಬಂದ ದಿನ ಇನ್ಫೋಸಿಸ್ ಸುಮಾರು ಶೇ 21 ಬಿತ್ತು. 2017ರ ಜುಲೈ 18ರಂದು, ಜಿಎಸ್‌ಟಿ ಮಂಡಳಿ ಸಿಗರೇಟಿನ ಸೆಸ್ ಏರಿಸಿದ ಮಾರನೇ ದಿನ, ಐಟಿಸಿ ಶೇ 12ಕ್ಕೂ ಹೆಚ್ಚು ಇಳಿಯಿತು. 2024ರ ಜನವರಿ 17ರಂದು ಫಲಿತಾಂಶದ ನಂತರ ಎಚ್‌ಡಿಎಫ್‌ಸಿ ಬ್ಯಾಂಕ್ ಶೇ 8ಕ್ಕೂ ಹೆಚ್ಚು ಕಳೆದುಕೊಂಡಿತು. ಇನ್ಫೋಸಿಸ್‌ನ ಆ ಒಂದು ದಿನ ನಮ್ಮ ₹2,00,000ಕ್ಕೆ ಬಂದರೆ ನಷ್ಟ ₹42,000. ಮೂರೂ ಷೇರಿನ ಹತ್ತು ದಿನದ ವಿಎಆರ್‌ಗಿಂತ ಒಂದೇ ಷೇರಿನ ಒಂದೇ ದಿನದ ನಷ್ಟ ದೊಡ್ಡದು.

ಅದಕ್ಕೆ ನಾನು ಹೇಳುವುದು: ಹತ್ತು ದಿನದ ಒಳಗೆ ಯಾವ ಕಂಪನಿಯ ಫಲಿತಾಂಶ ಇದೆ ಅಂತ ಮೊದಲು ಕ್ಯಾಲೆಂಡರ್ ನೋಡಿ. ಇನ್ಫೋಸಿಸ್‌ನದು ಸಾಮಾನ್ಯವಾಗಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮಧ್ಯದಲ್ಲಿ ಬರುತ್ತದೆ. ವರ್ಷದ 250 ದಿನದಲ್ಲಿ ಇಂಥ ದಿನ ನಾಲ್ಕೇ, ಅವುಗಳ ಏರಿಳಿತ ಉಳಿದ ದಿನಗಳ ಶಾಂತಿಯಲ್ಲಿ ಕರಗಿಹೋಗಿರುತ್ತದೆ. ಮುಂದಿನ ಹತ್ತು ದಿನದಲ್ಲಿ ಅಂಥದೊಂದು ಇದ್ದರೆ ನಮ್ಮ ಶೇ 1.6 ಕಡಿಮೆಯೇ.

ಇತ್ತೀಚಿನ ದಿನಗಳಿಗೆ ತೂಕ

250 ದಿನದ ಸ್ಟ್ಯಾಂಡರ್ಡ್ ಡೀವಿಯೇಷನ್ ನಿನ್ನೆಗೂ ಹೋದ ವರ್ಷದ ದಿನಕ್ಕೂ ಒಂದೇ ಬೆಲೆ ಕೊಡುತ್ತದೆ. ಮಾರುಕಟ್ಟೆ ಬಿಸಿಯಾದಾಗ ಇದು ನಿಧಾನವಾಗಿ ಎಚ್ಚರಗೊಳ್ಳುತ್ತದೆ. ರಿಸ್ಕ್‌ಮೆಟ್ರಿಕ್ಸ್ ಇದಕ್ಕೆ ಕೊಟ್ಟ ಪರಿಹಾರ ಸರಳ: ಹೊಸ ವರ್ಗ = 0.94 × ನಿನ್ನೆಯವರೆಗಿನ ಏರಿಳಿತದ ವರ್ಗ + 0.06 × ಇವತ್ತಿನ ಬದಲಾವಣೆಯ ವರ್ಗ.

ಇನ್ಫೋಸಿಸ್ ಇವತ್ತು ಶೇ 6 ಬಿತ್ತು ಅನ್ನಿ. 0.94 × 2.56 + 0.06 × 36 = 4.57, ವರ್ಗಮೂಲ 2.14. ಏರಿಳಿತ ಶೇ 1.6ರಿಂದ ಒಂದೇ ದಿನದಲ್ಲಿ ಶೇ 2.14ಕ್ಕೆ ಏರಿತು. 250 ದಿನದ ಸರಾಸರಿಯಲ್ಲಾದರೆ ಅದು ಶೇ 1.64 ಆಗುತ್ತಿತ್ತು, ಅಷ್ಟೇ. ಎರಡನ್ನೂ ತೆಗೆದು, ದೊಡ್ಡದನ್ನು ಬಳಸುವುದು ನನಗೆ ಇಷ್ಟ. ಶಾಂತ ಕಾಲದಲ್ಲಿ 0.94ರ ವಿಧಾನ ಅತಿಯಾಗಿ ಧೈರ್ಯ ಹೇಳುತ್ತದೆ, ಆಗ 250 ದಿನದ ಅಂಕಿ ಕಾಯುತ್ತದೆ.

ಲೆಕ್ಕವನ್ನು ಪರೀಕ್ಷೆಗೆ ಹಚ್ಚಿ

ಹತ್ತು ದಿನದ ವಿಎಆರ್ ಅನ್ನು ನೇರವಾಗಿ ಪರೀಕ್ಷಿಸುವುದು ಕಷ್ಟ. ವರ್ಷಕ್ಕೆ ಇಪ್ಪತ್ತೈದು ತುಂಡು ಮಾತ್ರ, ದಾಟಬೇಕಾದದ್ದು ಒಂದೋ ಎರಡೋ. ಅದರಿಂದ ಏನೂ ಹೇಳಲಾಗುವುದಿಲ್ಲ. ಹಾಗಾಗಿ ಒಂದು ದಿನದ ವಿಎಆರ್ ಪರೀಕ್ಷಿಸಿ. 501 ದಿನದ ಬೆಲೆಯಿಂದ 500 ದಿನದ ಬದಲಾವಣೆ ತೆಗೆದುಕೊಂಡು, 251ನೇ ಬದಲಾವಣೆಯ ದಿನದಿಂದ ಪ್ರತಿ ದಿನಕ್ಕೂ ಅದರ ಹಿಂದಿನ 250 ದಿನದಿಂದ ಮಾತ್ರ ವಿಎಆರ್ ಲೆಕ್ಕ ಹಾಕಿ. ಆ ದಿನದ ನಷ್ಟ ಅದನ್ನು ದಾಟಿತೇ ಅಂತ ಗುರುತು ಮಾಡಿ. ಏರಿಳಿತ ತೆಗೆದ ಅದೇ 250 ದಿನಗಳ ಮೇಲೆ ಪರೀಕ್ಷೆ ಮಾಡಿದರೆ ಅದು ಉತ್ತರ ನೋಡಿಕೊಂಡು ಬರೆದ ಪರೀಕ್ಷೆ, ಹೆಚ್ಚಾಗಿ ಪಾಸಾಗುತ್ತದೆ.

250 ದಿನದಲ್ಲಿ ಹನ್ನೆರಡು ಹದಿಮೂರು ಸಲ ದಾಟಬೇಕು. 6ರಿಂದ 19ರ ಒಳಗೆ ಇದ್ದರೆ ಲೆಕ್ಕವನ್ನು ದೂರುವಂತಿಲ್ಲ. 19ಕ್ಕಿಂತ ಜಾಸ್ತಿಯಾದರೆ ವಿಎಆರ್ ಕಡಿಮೆ ಹೇಳುತ್ತಿದೆ. 6ಕ್ಕಿಂತ ಕಡಿಮೆಯಾದರೆ ಬೋನಸ್ ದಿನದಂಥ ಸುಳ್ಳು ಕುಸಿತ ಒಳಗೆ ಉಳಿದಿದೆಯಾ ನೋಡಿ. ಎಣಿಕೆಯ ಜೊತೆಗೆ ದಿನಾಂಕಗಳನ್ನೂ ನೋಡಬೇಕು. ಹನ್ನೆರಡರಲ್ಲಿ ಎಂಟು ಒಂದೇ ತಿಂಗಳಲ್ಲಿ ಬಂದಿದ್ದರೆ ಎಣಿಕೆ ಸರಿಯಿದ್ದರೂ ಲೆಕ್ಕ ಸರಿಯಿಲ್ಲ. ಏರಿಳಿತ ಬದಲಾದದ್ದನ್ನು ಅದು ಹಿಡಿಯಲಿಲ್ಲ, ಆಗ 0.94ರ ವಿಧಾನಕ್ಕೆ ಹೋಗಿ.

ಎಲ್ಲ ಸರಿಯಿದ್ದರೂ 250 ದಿನದಿಂದ ತೆಗೆದ ಏರಿಳಿತಕ್ಕೆ ತನ್ನದೇ ಆದ ಅನಿಶ್ಚಿತತೆ ಇದೆ, ಎರಡೂ ಬದಿಗೆ ಸುಮಾರು ಶೇ 9. ಅಂದರೆ ₹26,430 ಅನ್ನುವುದು ₹24,000 ಮತ್ತು ₹28,800ರ ನಡುವೆ ಎಲ್ಲೋ ಇದೆ. ಪೈಸೆವರೆಗೆ ಬರೆಯುವುದರಲ್ಲಿ ಅರ್ಥವಿಲ್ಲ. "ಇಪ್ಪತ್ತಾರು ಸಾವಿರದ ಆಸುಪಾಸು" ಅಂದರೆ ಸಾಕು.

ಅಂಕಿ ದೊಡ್ಡದಾಯಿತು ಅನ್ನಿಸಿದರೆ

ಮಗಳ ಕಾಲೇಜು ಫೀಸಿಗೆ ಈ ಹಣದಲ್ಲಿ ಒಂದು ಪಾಲು ತಿಂಗಳೊಳಗೆ ಬೇಕು, ₹22,000ಕ್ಕಿಂತ ಜಾಸ್ತಿ ಅಲ್ಲಾಡುವುದು ಬೇಡ ಅಂದುಕೊಳ್ಳಿ. ಅಪಾಯದ ಶೇ 52 ಇನ್ಫೋಸಿಸ್‌ನಲ್ಲಿದೆ ಅಂತ ಗೊತ್ತಿದೆ. ಅದರಲ್ಲಿ ₹80,000 ಮಾರಿ ಶಾಂತ ಷೇರಾದ ಐಟಿಸಿಗೆ ಹಾಕಿದರೆ? ನಾಲ್ಕನೇ ಹಂತ ಮತ್ತೆ ಓಡಿಸಿ: ₹1,920, ₹2,340, ₹2,400. ದಿನದ ಏರಿಳಿತ ₹4,719, ಹತ್ತು ದಿನದ ವಿಎಆರ್ ₹24,550. ಇಳಿದದ್ದು ₹1,900 ಅಷ್ಟೇ. ಯಾಕೆಂದರೆ ಅಪಾಯದಲ್ಲಿ ಐಟಿಸಿಯ ಪಾಲು ಈಗ ಶೇ 15ರಿಂದ ಶೇ 36ಕ್ಕೆ ಏರಿದೆ.

ಅದೇ ₹80,000 ಅನ್ನು ಮಾರಿ ಉಳಿತಾಯ ಖಾತೆಯಲ್ಲಿ ಇಟ್ಟರೆ ಅಂಕಿಗಳು ₹1,920, ₹2,340, ₹1,440. ದಿನದ ಏರಿಳಿತ ₹4,089, ವಿಎಆರ್ ₹21,270. ₹5,150ಕ್ಕೂ ಹೆಚ್ಚು ಇಳಿಯಿತು, ₹22,000ದ ಒಳಗೂ ಬಂತು. ಇದೇ ಸಾಲಿನಲ್ಲಿ ಕೋರಿಲೇಷನ್ 0.8 ಮಾಡಿಯೂ ಒಂದು ಸಲ ನೋಡಿ, ಮಾರಾಟದ ತೆರಿಗೆ ಮತ್ತು ಖರ್ಚನ್ನು ಪಕ್ಕದಲ್ಲಿ ಬರೆಯಿರಿ, ಆಮೇಲೆ ಆರ್ಡರ್ ಹಾಕಿ.